ನನ್ನ ಕೈಯ ಬೋಣಿ

ಈಗಲೂ ನನ್ನ ಫೋನಿಗೆ ದಿನಕ್ಕೊಂದಾದರೂ ಆ ಸಂದೇಶ ಬರುತ್ತದೆ. “ಮೇಡಂ, ಸಣ್ಣ ಬಿಸಿನೆಸ್ ಒಂದು ಹೇಳ್ರಿ.” ಅಷ್ಟೇ. ಕಳಿಸಿದವರ ಊರು ಯಾವುದು, ಕೈಯಲ್ಲಿ ಎಷ್ಟಿದೆ, ಯಾವ ಕೆಲಸ ಬರುತ್ತದೆ, ಒಂದೂ ಇರುವುದಿಲ್ಲ. ಔಷಧ ಅಂಗಡಿಗೆ ಹೋಗಿ “ಒಂದು ಗುಳಿಗಿ ಕೊಡ್ರಿ” ಎಂದು ಕೈ ಚಾಚಿದಂತೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟು ಹೋಗಿ ಸೋಮಾರಿತನ ಬಂತು. ಈಗ ಅಂಥ ಸಂದೇಶ ಕಂಡರೆ ಒಬ್ಬ ಹುಡುಗಿಯ ದುಂಡಗಿನ ಅಕ್ಷರ ಕಣ್ಣ ಮುಂದೆ ಬರುತ್ತದೆ.

ನಾನು ರಾಯಚೂರಿನಲ್ಲಿ ಸ್ವಂತ ಉದ್ಯೋಗದ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹೊಲಿಗೆ, ಎಮ್ಮೆ ಸಾಕಣೆ, ಮೊಬೈಲ್ ರಿಪೇರಿ, ಹಪ್ಪಳ ಸಂಡಿಗೆ, ಹೀಗೆ ಹತ್ತಾರು ತರಬೇತಿ. ಬಂದವರಿಗೆ ಯಾವುದು ಹೊಂದುತ್ತದೆ ಎಂದು ಹೇಳುವ ಮೇಜು ನನ್ನದು. ಗೋಡೆಗೆ “ಕೈ ಕೆಸರಾದರೆ ಬಾಯಿ ಮೊಸರು” ಎಂಬ ಬೋರ್ಡಿದೆ. ಅದರ ಕೆಳಗೆ ಕುಳಿತ ನನ್ನ ಕೈಗೆ ಎಂದೂ ಕೆಸರು ಹತ್ತಿದ್ದಿಲ್ಲ, ತಿಂಗಳಾದರೆ ಮೊಸರು ಬರುತ್ತಿತ್ತು.

ಸೋಮಾರಿತನದ ಕಾಲದಲ್ಲಿ ನನ್ನ ಬಳಿ ಒಂದು ಪಟ್ಟಿ ಇತ್ತು. ನೂರು ಸಣ್ಣ ಉದ್ಯೋಗಗಳ ಹೆಸರು, ಒಂದರ ಕೆಳಗೊಂದು. ಯಾರು ಕೇಳಿದರೂ ಅದನ್ನೇ ಕಳಿಸುತ್ತಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಬಿಸಿನೆಸ್ ಎಂದರೆ ಪಟ್ಟಿ. ಅದನ್ನು ನಿಲ್ಲಿಸಿದವಳು ಮಾನ್ವಿಯ ಒಬ್ಬ ಹೆಣ್ಣುಮಗಳು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಮುಸಲ್ಮಾನರು, ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ಆಕೆ ನನ್ನ ಪಟ್ಟಿ ನೋಡಿ ಕಾಗದದ ತಟ್ಟೆ ಮಾಡುವ ಯಂತ್ರ ತಂದಳು. ಆಕೆಯ ಓಣಿಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಅಂಗಡಿಯವರು ರಾಯಚೂರಿನಿಂದ ಆಕೆಗಿಂತ ಅಗ್ಗಕ್ಕೆ ತಟ್ಟೆ ತರಿಸುತ್ತಿದ್ದರು. ಆರು ತಿಂಗಳಿಗೆ ಯಂತ್ರದ ಮೇಲೆ ಹಾಸಿಗೆ ಮಡಿಚಿಟ್ಟಿದ್ದಳು. ಶಿಬಿರಕ್ಕೆಂದು ಮಾನ್ವಿಗೆ ಹೋದಾಗ ಮನೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಬೈಯಲಿಲ್ಲ. ಚಹಾ ಕೊಟ್ಟಳು, ಕುಡಿದೆ.

ಚಹಾ ಕುಡಿಯುತ್ತ ಅದೂ ಇದೂ ಮಾತಾಡಿದೆವು. ಮನೆಯ ಮೂಲೆಯಲ್ಲಿ ಆಕೆಯ ತಾಯಿಯ ಕಾಲದ ಹೊಲಿಗೆ ಯಂತ್ರವಿತ್ತು. ಸೀರೆಗೆ ಫಾಲ್ ಹಚ್ಚುವುದು ಆಕೆಗೆ ಹುಡುಗಿಯಾಗಿದ್ದಾಗಿನಿಂದ ಬರುತ್ತಿತ್ತು. ಎರಡು ಓಣಿ ದಾಟಿದರೆ ಬಟ್ಟೆ ಅಂಗಡಿಗಳ ಸಾಲು. ಅಂಗಡಿಯವರು ಗಿರಾಕಿಗಳ ಸೀರೆಯನ್ನು ಫಾಲಿಗೆಂದು ಎಲ್ಲೆಲ್ಲಿಗೋ ಕಳಿಸುತ್ತಿದ್ದರು. ಹೊಸದಾಗಿ ಹಾಕಬೇಕಾದ ದುಡ್ಡು ದಾರ ಮತ್ತು ಫಾಲಿನದು ಮಾತ್ರ. ಆಕೆ ಅದನ್ನು ಹಿಡಿದಳು, ನಡೆಯಿತು, ಇವತ್ತಿಗೂ ನಡೆಯುತ್ತಿದೆ. ನಾನು ಕೇಳದೆ ಇದ್ದದ್ದೇ ತಪ್ಪು ಎಂದು ಅವತ್ತು ಗೊತ್ತಾಯಿತು. ನೂರರ ಪಟ್ಟಿಯನ್ನು ಹರಿದು ಹಾಕಿದೆ.

ಅದರ ಬದಲು ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಹೋದರೂ ಮನೆಯ ಒಲೆ ಉರಿಯುತ್ತದೆ ಎನ್ನುವಂಥ ದುಡ್ಡು ಎಷ್ಟಿದೆ? ಮನೆ ಎಲ್ಲಿದೆ, ಅದರ ಮುಂದೆ ಯಾರು ಓಡಾಡುತ್ತಾರೆ? ಈಗಾಗಲೇ ಕೈಗೆ ಬರುವ ಕೆಲಸ ಯಾವುದು? ದಿನದಲ್ಲಿ ಎಷ್ಟು ಹೊತ್ತು ಬಿಡುವು? ಇಷ್ಟು ಕೇಳಿದರೆ ನೂರರಲ್ಲಿ ತೊಂಬತ್ತೈದು ತಾವಾಗಿಯೇ ಉದುರುತ್ತವೆ. ಉಳಿದ ಐದನ್ನು ಕೊಳ್ಳುವವರು ಊರಲ್ಲಿದ್ದಾರೆಯೇ ಎಂದು ವಿಚಾರಿಸಿದರೆ ಒಂದೋ ಎರಡೋ ನಿಲ್ಲುತ್ತವೆ. ಇದು ದೊಡ್ಡ ವಿದ್ಯೆಯೇನಲ್ಲ, ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಗೂ ಗೊತ್ತು. ಆದರೆ ನನಗೆ ಜಂಬ ಬಂತು. ತರಬೇತಿಗೆ ಬಂದವರೆದುರು ನಾಲ್ಕು ಬೆರಳು ಎತ್ತಿ, ಇವೇ ನನ್ನ ನಾಲ್ಕು ವೇದ ಎನ್ನುತ್ತಿದ್ದೆ.

ಆ ಜಂಬದಲ್ಲೇ ದೇವದುರ್ಗದ ಶಿಬಿರಕ್ಕೆ ಹೋದೆ. ಬಾಯಿಬಿಟ್ಟು ಕೇಳಲು ನಾಚುವ ಹೆಂಗಸರು ಚೀಟಿ ಬರೆದು ಡಬ್ಬಿಗೆ ಹಾಕಬಹುದು ಎಂದಿದ್ದೆವು. ಒಂದು ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: “ಒಂದು ಸಣ್ಣ ಬಿಸಿನೆಸ್ ಹೇಳಿರಿ.” ಹೆಸರಿಲ್ಲ, ಊರಿಲ್ಲ. ನಾನು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ನೋಡಿ, ಹೀಗೆ ಕೇಳಿದರೆ ಯಾವ ದೇವರೂ ವರ ಕೊಡಲಾರ ಎಂದು ನಗಿಸಿದೆ. ಚೀಟಿ ಯಾರದು ಎಂದಾಗ ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ ಕುಳಿತಿದ್ದ ಒಬ್ಬಾಕೆ ಕೈ ಎತ್ತಿದಳು. ಮೂವತ್ತೈದರ ಆಸುಪಾಸು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಮಗಳು. ಚೀಟಿ ಬರೆದವಳು ಮಗಳೇ.

ಶಿಬಿರ ಮುಗಿದ ಮೇಲೆ ಇಬ್ಬರನ್ನೂ ಮೇಜಿಗೆ ಕರೆದೆ. ಊರು ದೇವದುರ್ಗದಿಂದ ಸಿರವಾರದ ಕಡೆ ಹೋಗುವ ದಾರಿಯಲ್ಲಿತ್ತು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ. ವರ್ಷದ ಹಿಂದಿನವರೆಗೆ ಮೂವರೂ ಗುಳೆ ಹೋಗಿ ಅಲ್ಲಿಯೇ ಶೆಡ್ಡಿನಲ್ಲಿದ್ದರು. ಅದರಿಂದ ಮಗಳ ಒಂದು ವರ್ಷದ ಓದು ಹಾಳಾಗಿತ್ತು. ಈಗ ಒಂಬತ್ತನೇ ತರಗತಿ. ಗಂಡ ಮತ್ತೆ ಬರಲು ಕರೆಯುತ್ತಿದ್ದ, ಆಕೆ ಒಲ್ಲೆನೆನ್ನುತ್ತಿದ್ದಳು.

“ಈಕೀದು ಹತ್ತನೇತ್ತ ಆಗೂತನ ನಾ ಊರು ಬಿಡಂಗಿಲ್ರಿ,” ಎಂದಳು. “ಅದಕ್ಕ ಇಲ್ಲೇ ಹೊಟ್ಟಿ ತುಂಬೂವಂಥದ್ದು ಒಂದು ಬೇಕು.”

ಅವಳಿಗೆ ಬೇಕಾದದ್ದು ಅಷ್ಟೇ, ಎರಡು ವರ್ಷ. ನಾನು ನನ್ನ ನಾಲ್ಕು ಪ್ರಶ್ನೆ ಕೇಳಿದೆ. ದುಡ್ಡು ಗುಳೆಯಲ್ಲಿ ಉಳಿಸಿದ್ದು ಸ್ವಲ್ಪ, ಒಂದು ಗ್ಯಾಸ್ ಒಲೆ ಮತ್ತು ತಗಡಿನ ನೆರಳಿಗೆ ಆಗುವಷ್ಟು. ಮನೆ ಊರ ಹೊರಗೆ, ರಸ್ತೆಗೆ ಹತ್ತಿಕೊಂಡೇ. ಎದುರಿಗೆ ಹೈಸ್ಕೂಲು, ಪಕ್ಕದಲ್ಲಿ ಬಸ್ಸು ನಿಲ್ಲುವ ಜಾಗ. ಕೈಗೆ ಬರುವ ಕೆಲಸ ರೊಟ್ಟಿ. ಬೆಂಗಳೂರಿನಲ್ಲಿ ಮೇಸ್ತ್ರಿಯ ಕಡೆಯ ನಲವತ್ತು ಆಳುಗಳಿಗೆ ದಿನಾ ಎರಡು ಹೊತ್ತು ರೊಟ್ಟಿ ಬಡಿದವಳು. ಮುಂಜಾನೆಯಿಂದ ಸಂಜೆಯವರೆಗೆ ಬಿಡುವು.

ಉತ್ತರಗಳು ಒಂದಕ್ಕೊಂದು ಬೆಸುಗೆ ಹಾಕಿದಂತೆ ಕೂಡಿಕೊಂಡವು. ಊರೊಳಗೆ ರೊಟ್ಟಿ ಯಾರೂ ಕೊಳ್ಳುವುದಿಲ್ಲ, ಮನೆಮನೆಯಲ್ಲೂ ಬಡಿಯುತ್ತಾರೆ. ಆದರೆ ರಸ್ತೆಯಲ್ಲಿ ಕೊಳ್ಳುತ್ತಾರೆ. ಬೇರೆ ಊರಿನಿಂದ ಬರುವ ಮಾಸ್ತರರು, ಟ್ರ್ಯಾಕ್ಟರ್ ಓಡಿಸುವವರು, ಬಸ್ಸಿಗೆ ಕಾಯುವವರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಚಹಾ. ಅವಸರ ಬೇಡ, ಮೊದಲು ಹತ್ತು ಜನರನ್ನು ಕೇಳಿ ಬಾ ಎಂದೆ. ಆಕೆ ಕೇಳಿ ಬಂದು ಫೋನು ಮಾಡಿದಳು. ಎಲ್ಲರೂ “ಹೂಂ, ಮಾಡಬೇ, ನೋಡೂಣು” ಎಂದಿದ್ದರಂತೆ. ನಮ್ಮ ಕಡೆ ಮುಖದ ಮುಂದೆ ಯಾರೂ ಇಲ್ಲ ಎನ್ನುವುದಿಲ್ಲ. ಅದು ನನಗೆ ಗೊತ್ತಿರಬೇಕಿತ್ತು, ನಾನು ಗಿಲ್ಲೆಸುಗೂರಿನ ಕಡೆಯವಳೇ.

ರಾಯಚೂರಿಗೆ ಕರೆಸಿ ತರಬೇತಿ ಕೊಟ್ಟೆವು. ಅರ್ಜಿಯನ್ನು ನಾನೇ ತುಂಬಿದೆ. ಅದರಲ್ಲಿ ಜಾತಿಯ ಕಾಲಂ ಇರುತ್ತದೆ. ಆಕೆ ತಂದಿದ್ದ ಪ್ರಮಾಣಪತ್ರ ನೋಡಿ ಪರಿಶಿಷ್ಟ ಜಾತಿ ಎಂಬಲ್ಲಿ ಗುರುತು ಹಾಕಿದೆ. ನನ್ನ ತಲೆಯಲ್ಲಿ ಬಂದದ್ದು ಒಂದೇ, ಒಳ್ಳೆಯದಾಯಿತು, ಸಹಾಯಧನ ಹೆಚ್ಚು ಸಿಗುತ್ತದೆ ಎಂದು. ಆ ಗುರುತು, “ಊರ ಹೊರಗ” ಎಂಬ ಆ ಮಾತು, ಬಾಗಿಲ ಹತ್ತಿರ ಕುಳಿತ ಆ ರೀತಿ, ಮೂರನ್ನೂ ಸೇರಿಸಿ ಓದುವ ಬುದ್ಧಿ ನನಗೆ ಬರಲಿಲ್ಲ. ಯಾರ ಜಾತಿಯನ್ನೂ ಬಾಯಿಬಿಟ್ಟು ಕೇಳದವಳು ನಾನು, ಅದು ನನ್ನ ಸಂಸ್ಕಾರ ಎಂದು ತಿಳಿದಿದ್ದೆ. ರೊಟ್ಟಿ ಮಾರುವವಳಿಗೆ ಕೇಳಲೇಬೇಕಾದ ಪ್ರಶ್ನೆ, ನಿನ್ನ ಕೈಯಿಂದ ಯಾರು ಯಾರು ತಿನ್ನುತ್ತಾರೆ ಎಂಬುದು. ಅದನ್ನು ಕೇಳದೆ ಬಿಟ್ಟು ಸಂಸ್ಕಾರ ಉಳಿಸಿಕೊಂಡೆ.

ಅಂಗಡಿ ತೆರೆಯುವ ದಿನ ಶನಿವಾರ ಎಂದು ಆಕೆಯೇ ಗೊತ್ತು ಮಾಡಿದಳು. ಅವತ್ತು ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ, ಮಾಸ್ತರರು ಬಸ್ಸಿಗೆ ನಿಂತಿರುತ್ತಾರೆ. ನಾನು ಬರಲೇಬೇಕೆಂದು ಮೂರು ಸಲ ಫೋನು ಮಾಡಿದಳು. ಮೊದಲ ವ್ಯಾಪಾರ, ಬೋಣಿ, ನನ್ನ ಕೈಯಿಂದಲೇ ಆಗಬೇಕೆಂದಳು. ಒಳ್ಳೆಯ ಕೈಯಿಂದ ಬೋಣಿಯಾದರೆ ದಿನವೆಲ್ಲ ಗಿರಾಕಿ ಎಂಬುದು ನಮ್ಮ ಸಂತೆಗಳ ನಂಬಿಕೆ. ನನ್ನ ಕೈ ಒಳ್ಳೆಯದೆಂದು ಒಬ್ಬರು ಅಂದುಕೊಂಡರಲ್ಲ ಎಂದು ಹಿಗ್ಗಿದೆ.

ಮುಂಜಾನೆ ರಾಯಚೂರಿನಿಂದ ಬಸ್ಸು ಹತ್ತಿ ದೇವದುರ್ಗದಲ್ಲಿ ಇಳಿದೆ. ಅಲ್ಲಿ ಕಚೇರಿಯ ಒಂದು ಕಾಗದ ಕೊಡುವುದಿತ್ತು, ಕೊಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ತಟ್ಟೆ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಬಜ್ಜಿ ತಿಂದೆ. ಕೈತೊಳೆದು ಹೊರಗೆ ಬರುವಷ್ಟರಲ್ಲಿ ಕಂಬದ ಹತ್ತಿರ ಆ ಹುಡುಗಿ ನಿಂತಿದ್ದಳು. ಅವತ್ತೊಂದು ದಿನ ಶಾಲೆ ತಪ್ಪಿಸಿ, ನನಗೆ ದಾರಿ ತೋರಿಸಲು ಅವ್ವ ಕಳಿಸಿದ್ದಳಂತೆ. ಈಗಷ್ಟೇ ಬಂದಳೆಂದುಕೊಂಡೆ. ಇಬ್ಬರೂ ಸೇರಿ ಊರಿಗೆ ಹೋದೆವು. ದಾರಿಯಲ್ಲಿ ಅವಳು ಗಣಿತದಲ್ಲಿ ಬಂದ ಅಂಕಗಳನ್ನು ಹೇಳಿದಳು. ನರ್ಸ್ ಆಗಬೇಕೆಂದಳು.

ತಗಡಿನ ನೆರಳಿನ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಕೇರಿಯ ಹೆಂಗಸರು, ಮಕ್ಕಳು ಹತ್ತಿರ ನಿಂತಿದ್ದರು. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಊರಿನ ಏಳೆಂಟು ಜನ ಹಿರಿಯರು ಕೈಕಟ್ಟಿ ನಿಂತು ನೋಡುತ್ತಿದ್ದರು. ಶಾಲೆಯ ಗೇಟಿನಲ್ಲಿ ಮಾಸ್ತರರು. ಆಕೆ ಸ್ಟೀಲ್ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪಲ್ಯ, ಚಟ್ನಿ, ಒಂದು ಈರುಳ್ಳಿ ಇಟ್ಟು ನನ್ನ ಮುಂದೆ ತಂದಳು. ಕುರ್ಚಿಯನ್ನು ರಸ್ತೆಯ ಕಡೆ ಮುಖ ಮಾಡಿ ಹಾಕಿದ್ದಳು, ಎಲ್ಲರಿಗೂ ಕಾಣುವಂತೆ.

“ನೀವು ಉಣ್ರಿ ಮೇಡಂ,” ಎಂದಳು ಸಣ್ಣ ದನಿಯಲ್ಲಿ. “ನೀವು ಉಂಡ್ರ ಉಳದೋರೂ ಉಣ್ತಾರ.”

ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳ ಲೆಕ್ಕಾಚಾರವೆಲ್ಲ ಆ ಒಂದು ತಟ್ಟೆಯ ಮೇಲಿತ್ತು. ಬೋಣಿ ಬರೀ ನೆವ. ರಾಯಚೂರಿನಿಂದ ಬಂದ ಮೇಡಂ, ಹೆಸರು ಕೇಳಿದರೆ ಯಾರ ಪೈಕಿ ಎಂದು ಊರಿಗೇ ಗೊತ್ತಾಗುವಂಥವಳು, ಎಲ್ಲರೆದುರು ಕೂತು ಉಂಡಳೆಂದರೆ ಒಬ್ಬ ಮಾಸ್ತರನಾದರೂ ರಸ್ತೆ ದಾಟಿ ಬರುತ್ತಾನೆ. ನಾನು ಕೇಳದ ಪ್ರಶ್ನೆಯನ್ನು ಅವಳು ತಾನೇ ಕೇಳಿಕೊಂಡು, ಉತ್ತರವನ್ನೂ ಹುಡುಕಿಟ್ಟುಕೊಂಡಿದ್ದಳು. ಉತ್ತರ ನಾನೇ ಆಗಿದ್ದೆ.

“ಇವತ್ತು ಶನಿವಾರ, ಉಪವಾಸ ಇರ್ತೀನಿ,” ಎಂದೆ.

ಹೇಗೆ ಬಂತೋ ಗೊತ್ತಿಲ್ಲ, ನಾಲಿಗೆಯ ತುದಿಯಲ್ಲಿ ಯಾವಾಗಿನಿಂದ ಕಾದಿತ್ತೋ. ಪರ್ಸಿನಿಂದ ಹೊಸ ನೋಟು ತೆಗೆದು ಎರಡೂ ಕೈಯಿಂದ ಕೊಟ್ಟೆ, ರೊಟ್ಟಿ ಕಟ್ಟಿಕೊಡು, ಮನೆಯಲ್ಲಿ ತಿನ್ನುತ್ತೇನೆ ಎಂದೆ. ಆಕೆ ನೋಟನ್ನು ಕಣ್ಣಿಗೊತ್ತಿಕೊಂಡಳು. ಕಾಗದದಲ್ಲಿ ನಾಲ್ಕು ರೊಟ್ಟಿ ಕಟ್ಟಿದಳು. ಫೋಟೋ ತೆಗೆಸಿಕೊಂಡೆವು. ಬೇವಿನ ಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಊರೊಳಗೆ ನಡೆದರು. ಮಾಸ್ತರರ ಬಸ್ಸು ಬಂತು, ಅದನ್ನೇ ನಾನೂ ಹತ್ತಿದೆ. ಅವರಲ್ಲೊಬ್ಬರು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಸೋಮವಾರ ಆ ರೊಟ್ಟಿಯನ್ನು ನಮ್ಮ ಕಚೇರಿಯ ಕಸ ಗುಡಿಸುವ ಹೆಂಗಸಿಗೆ ಕೊಟ್ಟೆ. ಎರಡು ದಿನದ್ದಾದರೂ ಬಲು ಚಲೋ ಅದಾವ ಎಂದು ಆಕೆ ಹೇಳಿದಳು.

ಆಮೇಲೆ ಒಂದೆರಡು ಸಲ ಫೋನು ಮಾಡಿ, ಹೇಗಿದೆ ಎಂದು ಕೇಳಿದೆ. “ನಡದದ್ರಿ” ಎಂದಳು. ನಾನು ವರದಿಯಲ್ಲಿ ಯಶಸ್ವಿ ಎಂದು ಬರೆದೆ, ಫೋಟೋ ಅಂಟಿಸಿದೆ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ತಾಯಿ ಮಗಳು ನಮ್ಮ ಕಚೇರಿಗೆ ಬಂದರು. ಎರಡು ಚೀಲ, ಒಂದು ಹಾಸಿಗೆ ಸುರುಳಿ. ಚೀಲದೊಳಗಿನಿಂದ ರೊಟ್ಟಿ ಹಂಚಿನ ಅಂಚು ಕಾಣುತ್ತಿತ್ತು. ಸಂಜೆಯ ರೈಲಿಗೆ ಬೆಂಗಳೂರಿಗೆ ಹೊರಟಿದ್ದರು. ತರಬೇತಿಯ ಗುರುತಿನ ಚೀಟಿಯನ್ನು ಹಿಂದಿರುಗಿಸಲು ಬಂದಿದ್ದಳು. ಅದನ್ನು ಯಾರೂ ಮರಳಿ ಕೇಳುವುದಿಲ್ಲ.

ಏನಾಯಿತೆಂದು ಕೇಳಿದೆ. ನಿಧಾನವಾಗಿ ಹೇಳಿದಳು. ಮಾಸ್ತರರು ಮನೆಯಿಂದ ಡಬ್ಬಿ ತರತೊಡಗಿದರು. ಬಸ್ಸಿಗೆ ಕಾಯುವವರು ಬಿಸಿಲಲ್ಲೇ ಊರೊಳಗಿನ ಹೋಟೆಲಿಗೆ ನಡೆದುಹೋಗಿ ಬರುತ್ತಿದ್ದರು. ಚಹಾಕ್ಕೆ ಒಬ್ಬಿಬ್ಬರು ಬಂದರು, ಪರವೂರಿನವರು. ಎರಡನೇ ಸಲ ಬರಲಿಲ್ಲ. ಕೇರಿಯವರು ತಿಂದರು, ಆದರೆ ಅವರ ಮನೆಯಲ್ಲೂ ರೊಟ್ಟಿ ಇರುತ್ತದೆ, ದಿನಾ ಕೊಂಡು ತಿನ್ನಲು ಅವರಲ್ಲೇನಿದೆ? ಕಲಸಿದ ಹಿಟ್ಟು ಕೆಡುವುದನ್ನು ನೋಡಲಾರದೆ ತಾನೇ ನಿಲ್ಲಿಸಿದಳು.

“ಯಾರೂ ಏನೂ ಅನ್ಲಿಲ್ರಿ,” ಎಂದಳು. “ಜಗಳಿಲ್ಲ, ಬೈಗಳಿಲ್ಲ. ಬರಲಿಲ್ಲ ಅಷ್ಟ.”

ನನಗೆ ಮೈ ಉರಿಯಿತು, ಊರಿನ ಮೇಲೋ ಅವಳ ಮೇಲೋ ತಿಳಿಯದೆ. ಹೀಗಾದೀತೆಂದು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿಸಿದೆ. ಹೇಳಿದ್ದರೆ ಕುರಿಯೋ ಹೊಲಿಗೆಯೋ, ಬಾಯಿಗೆ ಹೋಗದ ಬೇರೊಂದು ದಾರಿ ಹುಡುಕುತ್ತಿದ್ದೆ ಎಂದೆ.

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

“ಏನ್ ಹೇಳ್ಲಿ ಮೇಡಂ? ನೀವ ಫಾರಂನಾಗ ಬರ್ಕೊಂಡಿದ್ರಲ್ಲ.”

ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸಿದೆ. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗಬಹುದಲ್ಲ ಎಂದೆ. ಕೇಳಿದ್ದಳಂತೆ, ವರ್ಷದ ನಡುವೆ ಸೀಟಿಲ್ಲ ಎಂದರಂತೆ. ರಾಯಚೂರಿನಲ್ಲೇ ಆಸ್ಪತ್ರೆಯ ಮುಂದೆ, ಹತ್ತಿ ಮಾರುಕಟ್ಟೆಯ ಹತ್ತಿರ ರೊಟ್ಟಿ ಮಾರಿದರೆ ಯಾರೂ ಜಾತಿ ಕೇಳುವುದಿಲ್ಲ ಎಂದೆ. ಇಲ್ಲಿ ಇರಲು ಮನೆ ಬೇಕಲ್ಲ, ಬಾಡಿಗೆ ಬೇಕಲ್ಲ, ಉಳಿದ ದುಡ್ಡು ಹಿಟ್ಟಿನಲ್ಲಿ ಹೋಯಿತಲ್ಲ ಎಂದಳು. ನನ್ನ ನಾಲ್ಕು ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಬೆಂಗಳೂರಿನ ಶೆಡ್ಡಿನಲ್ಲಿ ನಲವತ್ತು ಆಳುಗಳು ಕಾಯುತ್ತಿದ್ದಾರೆ, ಅಲ್ಲಿ ಎಲ್ಲರೂ ತಿನ್ನುತ್ತಾರೆ ಎಂದಳು. ಆಮೇಲೆ ಬಾಟಲಿಗೆ ನೀರು ತುಂಬಿಕೊಳ್ಳಲು ನಲ್ಲಿಯ ಕಡೆ ಹೋದಳು.

ಹುಡುಗಿ ಚೀಲಗಳ ಹತ್ತಿರ ನಿಂತಿದ್ದಳು. ಸಮವಸ್ತ್ರದ ಲಂಗದ ಮೇಲೆ ಬೇರೆ ಅಂಗಿ ತೊಟ್ಟಿದ್ದಳು. ಅಲ್ಲಿಯೂ ಶಾಲೆಗಳಿವೆ, ಸೇರಿಕೋ, ಬಿಡಬೇಡ ಎಂದು ಏನೇನೋ ಹೇಳಿದೆ. ಹೋದ ಸಲವೂ ಹಾಗೇ ಅಂದಿದ್ದರು ಎಂದಳು. ಮತ್ತೆ ನಲ್ಲಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ಅವತ್ತ ನಿಮಗ ಉಪವಾಸ ಇರಲಿಲ್ರಿ ಮೇಡಂ. ನೀವು ಸುಸಲಾ ತಿನ್ನೂ ಮುಂದ ನಾ ಕಂಬದ ಹತ್ರ ನಿಂತಿದ್ನಿ. ಉಣ್ಣೂವಾಗ ಕರೀಬಾರ್ದಂತ ಸುಮ್ಮನಿದ್ನಿ.”

ಅವಳ ಅವ್ವ ಹಿಂದಿರುಗಿಸಿದ ಗುರುತಿನ ಚೀಟಿಯನ್ನು ಡ್ರಾಯರಿಗೆ ಹಾಕಿದೆ.

“ಅವ್ವಗ ಹೇಳಿಲ್ಲ,” ಎಂದಳು. “ಅಕಿ ನಿಮ್ಮ ಕೈ ಚಲೋ ಅದ ಅಂತಾಳ.”

ತಾಯಿ ಬಂದಳು. ಚೀಲ ತಲೆಗೇರಿಸಿಕೊಂಡು, ಹೋಗಿ ಬರ್ತೀವ್ರಿ ಎಂದು ಕೈಮುಗಿದಳು. ಹುಡುಗಿಯೂ ಮುಗಿದಳು. ಸ್ಟೇಷನ್ನಿನವರೆಗೆ ನನ್ನ ಸ್ಕೂಟರಿನಲ್ಲಿ ಒಂದು ಚೀಲವನ್ನಾದರೂ ಒಯ್ಯಬಹುದಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಆ ಹುಡುಗಿಯ ಜೊತೆ ನಡೆಯಬೇಕಾಗುತ್ತಿತ್ತು.

ಆ ದಿನ ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಚಿಕ್ಕವಳಿದ್ದಾಗ ನಮ್ಮ ಅಜ್ಜಿ ಕೇರಿಯವರಿಗೆ ಮೇಲಿನಿಂದ ನೀರು ಹೊಯ್ಯುವುದನ್ನು ಕಂಡು ಜಗಳವಾಡಿದವಳು ನಾನು. ತರಬೇತಿಯಲ್ಲಿ ಸಮಾನತೆಯ ಪಾಠವನ್ನೂ ಮಾಡುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನಾನು ಶಾಸ್ತ್ರ ಹೇಳಿ, ರೊಟ್ಟಿ ತಿನ್ನದೆ ಬಂದೆ. ಮಾನ್ವಿಯಲ್ಲಿ ಚಹಾ ಕುಡಿದಿದ್ದೆನಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡದ್ದೂ ಉಂಟು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಇಲ್ಲಿ ಬೇವಿನ ಮರದ ಕೆಳಗೆ ನಿಂತವರು ನನ್ನನ್ನು ನೋಡುತ್ತಿದ್ದರು, ನಾನೂ ಅವರನ್ನು ನೋಡುತ್ತಿದ್ದೆ. ಅವರು ಅಂಗಡಿಗೆ ಬಾರದೆ ಇದ್ದದ್ದಕ್ಕೆ ಊರಿನ ಮೇಲೆ ಸಿಟ್ಟಾದೆನಲ್ಲ, ಮೊದಲು ಬಾರದೆ ಹೋದವಳು ನಾನು.

ಈಗ ಸಂದೇಶ ಬಂದರೆ ಪ್ರಶ್ನೆಗಳನ್ನು ಕಳಿಸುತ್ತೇನೆ. ದುಡ್ಡು, ಜಾಗ, ಕೈಕೆಲಸ, ಹೊತ್ತು. ತಿನ್ನುವ ಪದಾರ್ಥವೆಂದರೆ ಫೋನು ಮಾಡಿ, ನಿಮ್ಮ ಕೈಯಿಂದ ಊರವರು ತಿನ್ನುತ್ತಾರೆಯೇ ಎಂದು ಬಾಯಿಬಿಟ್ಟೇ ಕೇಳುತ್ತೇನೆ. ಕೆಲವರು, ಆತು ಬಿಡ್ರಿ, ಬ್ಯಾರೆ ಯಾವುದಾರ ಹೇಳ್ರಿ ಎನ್ನುತ್ತಾರೆ. ಹೇಳುತ್ತೇನೆ.

ಹೋದ ತಿಂಗಳು ಒಬ್ಬಾಕೆ ಹಾಗೆನ್ನಲಿಲ್ಲ. ಊರವರದು ಬಿಡ್ರಿ, ಅಂಗಡಿ ತೆರೆದರೆ ನೀವು ಬಂದು ಉಣ್ಣುತ್ತೀರೇನು ಎಂದು ಕೇಳಿದಳು. ಉಣ್ಣುತ್ತೇನೆ ಎಂದೆ. ಯಾವ ವಾರ ಎಂದು ಕೇಳಿದಳು. ಯಾವ ವಾರವಾದರೂ ಆದೀತು, ನನಗೆ ಉಪವಾಸವಿಲ್ಲ ಎಂದೆ.